ಕೀಟಲೆ ಶುರುವಾಗುವಷ್ಟರಲ್ಲಿ ಕಜ್ಜಿ ಹೋಗಿರುತ್ತದೆ

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಕಜ್ಜಿಯ ಬಗ್ಗೆ ನಾಲ್ಕು ಮಾತು ಹೇಳುವ ಮೇಷ್ಟ್ರು ಸಾಮಾನ್ಯವಾಗಿ ಸೋಪಿನಿಂದ ಶುರು ಮಾಡುತ್ತಾರೆ. ದಿನಾ ಸ್ನಾನ ಮಾಡಿ, ಉಗುರು ಕತ್ತರಿಸಿ, ಒಗೆದ ಬಟ್ಟೆ ಹಾಕಿಕೊಳ್ಳಿ, ಕಜ್ಜಿ ನಿಮ್ಮ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಾರೆ. ಕೊನೆಯಲ್ಲಿ, ಯಾರಿಗಾದರೂ ಕಜ್ಜಿಯಾಗಿದ್ದರೆ ಆಡಿಕೊಳ್ಳಬೇಡಿ ಎಂದು ಸೇರಿಸುತ್ತಾರೆ. ಭಾಷಣದ ಮೊದಲ ಅರ್ಧ ಎರಡನೆಯದರ ಕತ್ತು ಹಿಸುಕುವುದು ಅವರ ಗಮನಕ್ಕೆ ಬರುವುದಿಲ್ಲ. ಸ್ನಾನ ಮಾಡುವವರಿಗೆ ಕಜ್ಜಿ ಬರುವುದಿಲ್ಲ ಎಂದಾದರೆ, ಬಂದವಳು ಸ್ನಾನ ಮಾಡದವಳು ಎಂದಾಯಿತು. ಆ ತರ್ಕ ಕಟ್ಟಲು ಮೂರನೇ ಕ್ಲಾಸಿನ ಹುಡುಗನಿಗೆ ಯಾರ ಸಹಾಯವೂ ಬೇಕಿಲ್ಲ.

ಗೋವಾದ ವಾಸ್ಕೋ ಸುತ್ತಮುತ್ತಲಿನ ಶಾಲೆಗಳಲ್ಲಿ ಈ ತರ್ಕಕ್ಕೆ ಇನ್ನೊಂದು ಕೊಂಡಿಯೂ ಇದೆ. ಝುವಾರಿನಗರ, ಬೈನಾ, ಮಾಂಗೋರ್ ಗುಡ್ಡದ ಬಾಡಿಗೆ ಕೋಣೆಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ದಶಕಗಳಿಂದ ನೆಲೆಸಿವೆ. ಮಕ್ಕಳು ಕನ್ನಡ ಶಾಲೆಗೂ ಹೋಗುತ್ತಾರೆ, ಮರಾಠಿ, ಕೊಂಕಣಿ, ಇಂಗ್ಲಿಷ್ ಶಾಲೆಗಳಿಗೂ ಹೋಗುತ್ತಾರೆ. ಘಟ್ಟದ ಆಚೆಯಿಂದ ಬಂದವರನ್ನು ಹೀನಾಯವಾಗಿ ‘ಘಾಂಟಿ’ ಎಂದು ಕರೆಯುವ ರೂಢಿ ಅಲ್ಲಿ ಹಳೆಯದು. ಮೈ ಕೆರೆದುಕೊಳ್ಳುವ ಮಗು ಅಂಥ ಮನೆಯದಾದರೆ ಕಜ್ಜಿಯೂ ಊರೂ ಒಂದೇ ಬೈಗುಳದಲ್ಲಿ ಸೇರಿಬಿಡುತ್ತವೆ. ಹಾಗಾಗಿ ಅಲ್ಲಿಯ ಒಂದು ಶಾಲೆಯಲ್ಲಿ ಹತ್ತು ನಿಮಿಷದ ಭಾಷಣ ಮಾಡುವುದಾದರೆ ಏನು ಹೇಳಬೇಕು, ಏನು ಹೇಳಬಾರದು ಎಂಬುದು ಯೋಚಿಸಿ ನಿರ್ಧರಿಸಬೇಕಾದ ವಿಷಯ. ನನ್ನ ಮಟ್ಟಿಗೆ ಅದು ಕರುಣೆಯ ಭಾಷಣವಾಗಬಾರದು, ಲೆಕ್ಕದ ಭಾಷಣವಾಗಬೇಕು.

ಮೊದಲು ಹುಳುವಿನ ವಿಷಯ. ತುರಿಕಜ್ಜಿಗೆ ಕಾರಣ ಉಣ್ಣಿಯ ದೂರದ ಬಂಧುವಾದ, ಎಂಟು ಕಾಲಿನ ಒಂದು ನುಸಿ. ಹೆಣ್ಣು ನುಸಿಯ ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಅದು ಚರ್ಮದ ಮೇಲ್ಪದರದಲ್ಲೇ ಸುರಂಗ ತೋಡಿಕೊಂಡು, ದಿನಕ್ಕೆ ಎರಡೋ ಮೂರೋ ಮೊಟ್ಟೆ ಇಡುತ್ತಾ, ನಾಲ್ಕರಿಂದ ಆರು ವಾರ ಬದುಕುತ್ತದೆ. ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ, ಮರಿ ಎರಡು ವಾರದೊಳಗೆ ಬೆಳೆದು ನಿಲ್ಲುತ್ತದೆ. ಸೋಪು ನೀರು ಅದಕ್ಕೆ ಏನೂ ಮಾಡುವುದಿಲ್ಲ, ಸುರಂಗದೊಳಗಿನ ಜೀವಿಗೆ ಮೇಲೆ ಹರಿಯುವ ನೀರಿನ ಹಂಗಿಲ್ಲ. ಎರಡು ಹೊತ್ತು ಸ್ನಾನ ಮಾಡುವವರಿಗೂ ಕಜ್ಜಿ ಬರುತ್ತದೆ, ಬಂದ ಮೇಲೆ ಬರೀ ಸ್ನಾನದಿಂದ ಅದು ಹೋಗುವುದೂ ಇಲ್ಲ.

ಇಡೀ ಮೈಯಲ್ಲಿ ಇಂಥ ನುಸಿಗಳು ಎಷ್ಟಿರಬಹುದು? ಕೆರೆದು ಕೆರೆದು ಗಾಯ ಮಾಡಿಕೊಂಡವರನ್ನು ನೋಡಿದರೆ ಸಾವಿರಾರು ಇರಬೇಕು ಎನಿಸುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲ್ಲನ್ಬಿ ಎಂಬ ಕೀಟವಿಜ್ಞಾನಿ ಸೂಜಿಯ ಮೊನೆಯಿಂದ ಒಂದೊಂದನ್ನೇ ಹೆಕ್ಕಿ ಎಣಿಸಿದರು. ಸುಮಾರು 900 ಸೈನಿಕರನ್ನು ಪರೀಕ್ಷಿಸಿದಾಗ ಒಬ್ಬೊಬ್ಬರ ಮೈಯಲ್ಲಿ ಸರಾಸರಿ ಸಿಕ್ಕಿದ್ದು ಹನ್ನೊಂದು ಹೆಣ್ಣು ನುಸಿಗಳು ಮಾತ್ರ. ಉಳಿದ ಗುಳ್ಳೆ, ಕೆಂಪು, ನಿದ್ದೆಗೆಡಿಸುವ ತುರಿಕೆಯೆಲ್ಲ ಆ ಬೆರಳೆಣಿಕೆಯ ನುಸಿಗಳ ವಿರುದ್ಧ ನಮ್ಮ ಮೈಯೇ ಎಬ್ಬಿಸುವ ಗಲಾಟೆ.

ಮೆಲ್ಲನ್ಬಿ ಮಾಡಿದ ಇನ್ನೊಂದು ಕೆಲಸ ಶಾಲೆಯ ಮಕ್ಕಳಿಗೆ ಹೇಳಲೇಬೇಕಾದದ್ದು. ಕಜ್ಜಿ ಕಂಬಳಿಯಿಂದ ಹರಡುತ್ತದೆ ಎಂದು ಆಗ ಸೈನ್ಯ ನಂಬಿತ್ತು, ಲಕ್ಷಾಂತರ ಕಂಬಳಿಗಳನ್ನು ಬಿಸಿಯಲ್ಲಿ ಬೇಯಿಸುತ್ತಿತ್ತು. ಯುದ್ಧಕ್ಕೆ ಹೋಗುವುದಿಲ್ಲ ಎಂದು ಹೇಳಿದ್ದ ಕೆಲವು ಶಾಂತಿವಾದಿಗಳು ಮೆಲ್ಲನ್ಬಿಯ ಪ್ರಯೋಗಕ್ಕೆ ತಾವಾಗಿ ಒಪ್ಪಿಕೊಂಡರು. ಕಜ್ಜಿಯಾದ ಸೈನಿಕರು ಹೊದ್ದ ಕಂಬಳಿಯಲ್ಲಿ ಬರಿಮೈಯಲ್ಲಿ ಮಲಗಿದರು, ಅವರು ಬಿಚ್ಚಿಟ್ಟ ಒಳ ಉಡುಪನ್ನು ಒಗೆಯದೆ ಹಾಕಿಕೊಂಡರು. ಮತ್ತೆ ಮತ್ತೆ ಹೀಗೆ ಮಾಡಿದರೂ ಕಜ್ಜಿ ಅಂಟಿದ್ದು ತೀರ ಅಪರೂಪಕ್ಕೆ. ಕಜ್ಜಿಯಾದವರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದಾಗ ಮಾತ್ರ ಸುಲಭವಾಗಿ ದಾಟಿತು. ಸೈನ್ಯ ಕಂಬಳಿ ಬೇಯಿಸುವುದನ್ನು ಕೈಬಿಟ್ಟಿತು. ಇಷ್ಟಾದರೂ ನಮ್ಮ ಶಾಲೆಗಳಲ್ಲಿ ಕಜ್ಜಿಯಾದ ಮಗು ಕೂತ ಬೆಂಚನ್ನು ಒರೆಸಿ ಕೂರುವವರು ಇದ್ದಾರೆ.

ನುಸಿ ನಡೆಯಬಲ್ಲದು, ಅಷ್ಟೆ. ಹಾರಲಾರದು, ಜಿಗಿಯಲಾರದು. ಬೆಚ್ಚಗಿನ ಚರ್ಮದ ಮೇಲೆ ಅದರ ವೇಗ ನಿಮಿಷಕ್ಕೆ ಎರಡೂವರೆ ಸೆಂಟಿಮೀಟರ್. ಒಬ್ಬರಿಂದ ಒಬ್ಬರಿಗೆ ದಾಟಬೇಕಾದರೆ ಮೈಗೆ ಮೈ ತಾಗಿಕೊಂಡು ಹತ್ತು ಹದಿನೈದು ನಿಮಿಷವಾದರೂ ಇರಬೇಕು ಎಂಬುದು ವೈದ್ಯರ ಅಂದಾಜು. ಕೈಕುಲುಕಿದರೆ, ಪುಸ್ತಕ ಕೊಟ್ಟರೆ, ಅದೇ ಬೆಂಚಿನ ಮೇಲೆ ಕೂತರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಾಗಾದರೆ ಅದು ಹರಡುವುದು ಎಲ್ಲಿ? ಐದಾರು ಜನ ಒಂದೇ ಚಾಪೆಯ ಮೇಲೆ ಒತ್ತಿಕೊಂಡು ಮಲಗುವ ಕಡೆ. ವಾಸ್ಕೋದ ಒಂದು ಕೋಣೆಯ ಮನೆಯಲ್ಲಿ ಕಜ್ಜಿ ಹೆಚ್ಚಾದರೆ ಅದಕ್ಕೆ ಬಾಡಿಗೆಯ ದರ ಕಾರಣ, ಆ ಮನೆಯವರ ಸೋಪಿನ ಲೆಕ್ಕ ಅಲ್ಲ. (ರೋಗನಿರೋಧಕ ಶಕ್ತಿ ಬಹಳ ಕುಂದಿದವರಲ್ಲಿ ಗಟ್ಟಿ ಹಕ್ಕಳೆ ಕಟ್ಟುವ ಒಂದು ಬಗೆಯ ಕಜ್ಜಿ ಬರುತ್ತದೆ. ಅದರಲ್ಲಿ ನುಸಿಗಳು ನಿಜಕ್ಕೂ ಸಾವಿರಗಟ್ಟಲೆ ಇರುತ್ತವೆ, ಬಟ್ಟೆಬರೆಯಿಂದಲೂ ಹರಡುತ್ತವೆ. ಶಾಲೆಯ ಮಕ್ಕಳಲ್ಲಿ ಅದು ವಿರಳ.)

ಈಗ ಒಂದು ಮಗುವಿನ ಕ್ಯಾಲೆಂಡರನ್ನು ಬಿಡಿಸಿ ನೋಡೋಣ. ನಾಲ್ಕನೇ ಕ್ಲಾಸಿನ ಹುಡುಗಿ ಎಂದು ಇಟ್ಟುಕೊಳ್ಳಿ. ಮೇ ತಿಂಗಳ ರಜೆಯಲ್ಲಿ ಮನೆಯವರೆಲ್ಲ ಊರಿನ ಮದುವೆಗೆ ಹೋಗಿದ್ದಾರೆ. ಮೇ 20ರ ರಾತ್ರಿ ದೊಡ್ಡಮ್ಮನ ಮಕ್ಕಳ ಜೊತೆ ಒಂದೇ ಜಮಖಾನೆಯ ಮೇಲೆ ಮಲಗಿದಾಗ ಒಂದೆರಡು ನುಸಿ ಅವಳ ಮೈಗೆ ದಾಟುತ್ತವೆ. ಮರುದಿನ ತುರಿಕೆ ಇಲ್ಲ. ಮರುವಾರವೂ ಇಲ್ಲ. ಮೊದಲ ಸಲ ಕಜ್ಜಿ ಬಂದವರಲ್ಲಿ ಮೈ ನುಸಿಯನ್ನು ಗುರುತಿಸಿ ಸಿಟ್ಟಿಗೇಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಜೂನ್ ಮೊದಲ ವಾರ ಶಾಲೆ ತೆರೆದಾಗ ಅವಳು ಎಲ್ಲರ ಹಾಗೆಯೇ ಇದ್ದಾಳೆ. ಗೆಳತಿಯರು ಹೆಗಲ ಮೇಲೆ ಕೈ ಹಾಕಿಕೊಂಡು ಆಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಅವಳ ಮೈಯಿಂದ ನುಸಿ ದಾಟಬಹುದಾದ ಕಾಲ ನಿಜವಾಗಿ ಇದು.

ಜೂನ್ 24ರ ಸುಮಾರಿಗೆ ರಾತ್ರಿ ಹೊತ್ತು ತುರಿಕೆ ಶುರುವಾಗುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟ, ಕಂಕುಳು, ಹೊಕ್ಕಳ ಸುತ್ತ ಸಣ್ಣ ಗುಳ್ಳೆಗಳು. ಅವ್ವ ಮಳೆಗಾಲದ ಬೆವರುಸಾಲೆ ಎಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ. ಒಂದು ವಾರದಲ್ಲಿ ತಮ್ಮನೂ ಕೆರೆದುಕೊಳ್ಳತೊಡಗಿದಾಗ ಆಸ್ಪತ್ರೆಗೆ ಹೋಗುತ್ತಾರೆ. ವೈದ್ಯರು ಶೇಕಡಾ 5ರ ಪರ್ಮೆಥ್ರಿನ್ ಮುಲಾಮು ಬರೆದುಕೊಡುತ್ತಾರೆ. ಜುಲೈ 1ರ ರಾತ್ರಿ ಮನೆಯವರೆಲ್ಲ ಹಚ್ಚಿಕೊಂಡು ಮಲಗುತ್ತಾರೆ, ಬೆಳಿಗ್ಗೆ ತೊಳೆಯುತ್ತಾರೆ. ಸರಿಯಾಗಿ ಹಚ್ಚಿದ್ದರೆ ಜುಲೈ 2ರಂದು ಅವಳು ನಿಶ್ಚಿಂತೆಯಿಂದ ಶಾಲೆಗೆ ಹೋಗಬಹುದು. ಉಳಿದ ಮೊಟ್ಟೆಗಳಿಂದ ಹೊರಬಂದ ಮರಿಗಳಿಗಾಗಿ ಜುಲೈ 8ರ ರಾತ್ರಿ ಇನ್ನೊಮ್ಮೆ ಹಚ್ಚುತ್ತಾರೆ.

ಆದರೆ ತುರಿಕೆ ನಿಲ್ಲುವುದಿಲ್ಲ. ಸತ್ತ ನುಸಿ, ಅದರ ಹಿಕ್ಕೆ, ಮೊಟ್ಟೆಯ ಸಿಪ್ಪೆ ಚರ್ಮದ ಪದರ ಉದುರುವ ತನಕ ಅಲ್ಲೇ ಇರುತ್ತವೆ, ಮೈ ಅವುಗಳ ಮೇಲೂ ಸಿಟ್ಟು ಮಾಡುತ್ತದೆ. ಎರಡರಿಂದ ನಾಲ್ಕು ವಾರ ಅವಳು ಕೆರೆದುಕೊಳ್ಳುತ್ತಲೇ ಇರುತ್ತಾಳೆ. ಕೈಯ ಮೇಲಿನ ಕಲೆಗಳು ಈಗ ಚೆನ್ನಾಗಿ ಎದ್ದು ಕಾಣುತ್ತವೆ. ಕ್ಲಾಸಿನವರ ಕಣ್ಣಿಗೆ ಅವಳು ಬೀಳುವುದು, ‘ಕಜ್ಜಿನಾಯಿ’ ಎಂಬ ಹೆಸರು ಅಂಟುವುದು, ಪಕ್ಕದವಳು ಬೆಂಚು ಬದಲಿಸುವುದು ಎಲ್ಲವೂ ಈ ಜುಲೈ ತಿಂಗಳಲ್ಲಿ. ಅಂದರೆ ನುಸಿ ದಾಟಬಹುದಾಗಿದ್ದ ಆರು ವಾರಗಳಲ್ಲಿ ಹೆಚ್ಚುಕಡಿಮೆ ಐದು ವಾರ ಕೀಟಲೆಯೇ ಇರಲಿಲ್ಲ, ಕೀಟಲೆ ಜೋರಾದ ನಾಲ್ಕು ವಾರ ಅವಳ ಮೈಯಲ್ಲಿ ಯಾರಿಗೂ ಕೊಡಲು ಏನೂ ಇರಲಿಲ್ಲ. ಇನ್ನೊಂದು ವಿಷಯ: ಮೊದಲು ಕೆರೆದುಕೊಂಡವಳೇ ಮೊದಲು ತಂದವಳು ಎಂದು ಹೇಳಲು ಬರುವುದಿಲ್ಲ. ಎರಡನೇ ಸಲ ಕಜ್ಜಿಯಾದವರಿಗೆ ತುರಿಕೆ ಒಂದರಿಂದ ನಾಲ್ಕು ದಿನದಲ್ಲೇ ಏಳುತ್ತದೆ. ಅವಳಿಗೆ ಹಿಂದೊಮ್ಮೆ ಆಗಿದ್ದರೆ, ಏನೂ ತುರಿಕೆಯಿಲ್ಲದೆ ಪಕ್ಕದಲ್ಲಿ ಕೂತು ನಗುತ್ತಿರುವ ಹುಡುಗಿಯಿಂದಲೇ ಅದು ಬಂದಿರಬಹುದು. ಮಕ್ಕಳಿಗೆ ಈ ಲೆಕ್ಕ ಅರ್ಥವಾಗುತ್ತದೆ. ಪತ್ತೇದಾರಿ ಕಥೆಯ ರುಚಿ ಇರುವುದರಿಂದ ಕಿವಿಗೊಟ್ಟು ಕೇಳುತ್ತಾರೆ ಕೂಡ.

ಕೀಟಲೆಯಿಂದ ಆಗುವ ಅನಾಹುತವೂ ಇದೇ ಕ್ಯಾಲೆಂಡರಿನಲ್ಲಿದೆ. ಆಡಿಕೊಳ್ಳುತ್ತಾರೆ ಎಂದು ಹೆದರಿದ ಮಗು ಜೂನ್ 24ರಂದು ಮನೆಯಲ್ಲಿ ಹೇಳುವುದಿಲ್ಲ, ಉದ್ದ ತೋಳಿನ ಅಂಗಿ ಹಾಕಿಕೊಂಡು ಬರುತ್ತದೆ. ಚಿಕಿತ್ಸೆ ಮೂರು ವಾರ ಮುಂದಕ್ಕೆ ಹೋದರೆ ಮನೆಯಲ್ಲಿ ಇನ್ನಿಬ್ಬರಿಗೆ ಆಗುತ್ತದೆ, ಕೆರೆದ ಗಾಯ ಕೀವು ಕಟ್ಟುತ್ತದೆ. ಆ ಕೀವಿನ ಬ್ಯಾಕ್ಟೀರಿಯಾದಿಂದ ಕೆಲವು ಮಕ್ಕಳಲ್ಲಿ ಮೂತ್ರಪಿಂಡ ಊದಿಕೊಂಡು ಮುಖ ಬಾತು, ಮೂತ್ರ ಕೆಂಪಾಗುವುದೂ ಉಂಟು.

ಕಜ್ಜಿಯ ಹಾಗೆಯೇ ಶಾಲೆಯಲ್ಲಿ ಕೀಟಲೆಗೆ ಗುರಿಯಾಗುವ ಇನ್ನೊಂದು ಚರ್ಮರೋಗ ಹುಳುಕಡ್ಡಿ, ಅದರ ಕತೆ ಬೇರೆ. ಹೆಸರಿನಲ್ಲಿ ಹುಳು ಇದ್ದರೂ ಅದು ಬೂಷ್ಟಿನ ಜಾತಿಯದು. ಮಧ್ಯೆ ತಿಳಿಯಾಗಿ ಅಂಚಿನಲ್ಲಿ ಕೆಂಪಗೆ ಉಬ್ಬಿದ ಉಂಗುರ, ದಿನದಿಂದ ದಿನಕ್ಕೆ ಹೊರಕ್ಕೆ ಹಿಗ್ಗುತ್ತದೆ. ಕಜ್ಜಿಯ ನುಸಿ ಮನುಷ್ಯನ ಮೈ ಬಿಟ್ಟರೆ ಎರಡು ಮೂರು ದಿನ ಬದುಕುವುದೇ ಹೆಚ್ಚು. ಹುಳುಕಡ್ಡಿಯ ಬೀಜಕಣಗಳು ಟವೆಲ್, ಬಾಚಣಿಗೆ, ಟೊಪ್ಪಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಬೆಕ್ಕಿನ ಮರಿ, ಕರುವಿನಿಂದಲೂ ಬರಬಹುದು. ಗೋವಾದ ಮಳೆಗಾಲದಲ್ಲಿ ಒಗೆದ ಯೂನಿಫಾರ್ಮ್ ಎರಡು ದಿನವಾದರೂ ಆರುವುದಿಲ್ಲ, ತೇವದ ಬಟ್ಟೆಯಲ್ಲೇ ಮಕ್ಕಳು ಶಾಲೆಗೆ ಬರುತ್ತಾರೆ. ಬೂಷ್ಟಿಗೆ ಅದಕ್ಕಿಂತ ಅನುಕೂಲ ಬೇಕಿಲ್ಲ.

ಗೋವಾದ ಹೆಸರು ಈ ರೋಗದ ಜೊತೆ ಒಮ್ಮೆ ಲೋಕಪ್ರಸಿದ್ಧವಾಗಿತ್ತು ಎಂಬುದು ಈಗ ಅಲ್ಲಿಯವರಿಗೂ ಮರೆತುಹೋಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಹುಳುಕಡ್ಡಿಗೆ ರಾಮಬಾಣವೆಂದು ಮುಂಬಯಿಯಲ್ಲಿ ಮಾರಾಟವಾಗುತ್ತಿದ್ದ ಹಳದಿ ಮಿಶ್ರಿತ ಕಂದು ಪುಡಿಯನ್ನು ‘ಗೋವಾ ಪುಡಿ’ ಎನ್ನುತ್ತಿದ್ದರು. ಅದು ಗೋವಾದ ಯಾವ ಮರದಿಂದ ಬರುತ್ತದೆ ಎಂದು ಬ್ರಿಟಿಷ್ ಔಷಧ ತಜ್ಞರು ತಲೆಕೆಡಿಸಿಕೊಂಡಿದ್ದರು. ಕೊನೆಗೆ 1870ರ ದಶಕದಲ್ಲಿ ಬ್ರೆಜಿಲಿನ ಬಹಿಯಾದ ವೈದ್ಯರೊಬ್ಬರು ಅದು ತಮ್ಮೂರಿನ ಅರರೋಬಾ ಮರದ ಕಾಂಡದೊಳಗೆ ಸಿಗುವ ಪುಡಿ ಎಂದು ತೋರಿಸಿಕೊಟ್ಟರು. ಪೋರ್ಚುಗೀಸರ ಹಡಗಿನಲ್ಲಿ ಅದು ಗೋವಾ ಸೇರಿ ಗೋವಾದ್ದೇ ಆಗಿಹೋಗಿತ್ತು. ಪುಡಿ ಕೆಲಸ ಮಾಡುತ್ತಿತ್ತು, ಆದರೆ ಹಚ್ಚಿದ ಚರ್ಮಕ್ಕೂ ಬಟ್ಟೆಗೂ ಕಂದು ಕಲೆ ಹಿಡಿಸುತ್ತಿತ್ತು. ರೋಗ ಹೋಗುವ ಮೊದಲೇ ಔಷಧಿಯೇ ಊರಿಗೆಲ್ಲ ಸಾರಿಬಿಡುತ್ತಿತ್ತು.

ಇಂದಿನ ಔಷಧಿ ಕಲೆ ಹಿಡಿಸುವುದಿಲ್ಲ, ಬೇರೆ ಬಗೆಯಲ್ಲಿ ಕೈಕೊಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುವ ಎಷ್ಟೋ ಟ್ಯೂಬುಗಳಲ್ಲಿ ಬೂಷ್ಟು ಕೊಲ್ಲುವ ಔಷಧಿಯ ಜೊತೆ ಕ್ಲೋಬೆಟಸಾಲ್‌ನಂಥ ಗಡಸು ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಂತು ಕೆಂಪು ಇಳಿಯುತ್ತದೆ. ಬೂಷ್ಟು ಸತ್ತಿರುವುದಿಲ್ಲ, ಅದರ ಮೇಲೆ ಚರ್ಮ ತೋರಿಸುತ್ತಿದ್ದ ಪ್ರತಿರೋಧ ಮಾತ್ರ ಅಡಗಿರುತ್ತದೆ. ಟ್ಯೂಬು ಬಿಟ್ಟೊಡನೆ ಉಂಗುರದೊಳಗೆ ಉಂಗುರ ಎದ್ದು ದುಪ್ಪಟ್ಟಾಗುತ್ತದೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2018ರಲ್ಲಿ ತಂದಿತು, ಅಂಗಡಿಗಳಲ್ಲಿ ಅದು ಎಷ್ಟು ನಡೆಯುತ್ತಿದೆ ಎಂಬುದನ್ನು ಓದುಗರೇ ಬಲ್ಲರು. ಇದರ ಜೊತೆಗೆ, ಟರ್ಬಿನಾಫಿನ್ ಎಂಬ ಮುಖ್ಯ ಔಷಧಿಗೆ ಜಗ್ಗದ ಒಂದು ಬೂಷ್ಟಿನ ಬಗೆ ನಮ್ಮ ದೇಶದಲ್ಲೆಲ್ಲ ಹರಡಿದೆ. 2020ರಲ್ಲಿ ವಿಜ್ಞಾನಿಗಳು ಅದಕ್ಕಿಟ್ಟ ಹೆಸರಿನಲ್ಲೇ ಇಂಡಿಯಾ ಇದೆ: ಟ್ರೈಕೊಫೈಟನ್ ಇಂಡೊಟಿನಿಯೇ. ಹೀಗಾಗಿ ಮೂರು ವಾರಕ್ಕೆ ಹೋಗಬೇಕಾದ ಉಂಗುರ ಆರು ತಿಂಗಳು ಮಗುವಿನ ಕುತ್ತಿಗೆಯ ಮೇಲೆ ಉಳಿದರೆ ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ತಲೆಯಲ್ಲಿ ಆದರಂತೂ, ಕೂದಲು ಮುರಿದು ಬೋಳು ತೇಪೆ ಕಂಡರೆ, ಮೇಲೆ ಹಚ್ಚುವ ಯಾವ ಮುಲಾಮೂ ಸಾಲದು, ವಾರಗಟ್ಟಲೆ ಮಾತ್ರೆ ನುಂಗಬೇಕು.

ಇಷ್ಟೆಲ್ಲ ಮಕ್ಕಳಿಗೆ ಹೇಳಲಾಗುವುದಿಲ್ಲ. ಉತ್ತರ ಕರ್ನಾಟಕದ ಮನೆಗಳ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ನಾನಾದರೆ ಅವರ ಮನೆಮಾತಿನಲ್ಲೇ ಹೀಗೆ ಹೇಳುತ್ತಿದ್ದೆ:

“ಮಕ್ಕಳ್ರಾ, ಇವತ್ತ ಒಂದು ಸಣ್ಣ ಪ್ರಾಣಿ ಬಗ್ಗೆ ಹೇಳ್ತೀನಿ. ಅದಕ್ಕ ಎಂಟ ಕಾಲು. ಕಣ್ಣಿಲ್ಲ, ರೆಕ್ಕಿ ಇಲ್ಲ. ಹಾರಾಕ ಬರೂದಿಲ್ಲ, ಜಿಗಿಯಾಕ ಬರೂದಿಲ್ಲ. ಪೆನ್ಸಿಲ್ ತುದಿಲೆ ಇಟ್ಟ ಚುಕ್ಕಿಗಿಂತ ಸಣ್ಣದು. ಅದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ನಡಕೊಂತ ಹೋಗಬೇಕು, ನಿಮಿಷಕ್ಕ ಒಂದ ಇಂಚು. ನೀವು ಒಬ್ಬರನ್ನ ಮುಟ್ಟಿ ‘ನಿನಗ ಕಜ್ಜಿ ಹತ್ತಿತು’ ಅಂತ ಓಡ್ತೀರಲ್ಲ, ಅಷ್ಟರಾಗ ಆ ಪ್ರಾಣಿ ಎದ್ದು ನಿಂತಿರೂದಿಲ್ಲ. ಅವ್ವನ ಮಗ್ಗಲದಾಗ ರಾತ್ರಿಯೆಲ್ಲ ಮಲಗಿದಾಗ, ತಮ್ಮನ್ನ ಎತ್ತಿಕೊಂಡು ಆಡಿಸಿದಾಗ ಅದು ದಾಟತೈತಿ. ಜಳಕ ಮಾಡಿದವರಿಗೂ ಬರತೈತಿ, ಡಾಕ್ಟರ್ ಮಕ್ಕಳಿಗೂ ಬರತೈತಿ. ಬಂದು ಒಂದ ತಿಂಗಳ ತನಕ ತುರಿಸೂದಿಲ್ಲ. ಹಂಗಾರ ಇವತ್ತ ಇಲ್ಲಿ ಯಾರ ಮೈಯಾಗ ಐತಿ? ಯಾರನ್ನೂ ಹೊಳ್ಳಿ ನೋಡಬ್ಯಾಡ್ರಿ, ನಿಮಗ ಗೊತ್ತಾಗೂದಿಲ್ಲ. ನನ್ನ ಮೈಯಾಗೂ ಇರಬಹುದು. ಔಷಧಿ ಹಚ್ಚಿದ ಮರುದಿನ ಅದರ ಕತಿ ಮುಗೀತು, ತುರಿಕಿ ಮಾತ್ರ ಮತ್ತ ಮೂರ ವಾರ ಇರತೈತಿ. ಅದಕ್ಕ ಕೆರಕೊಳ್ಳಾಕತ್ತಾರ ಅಂದ್ರ ಅವರಿಂದ ಹತ್ತತೈತಿ ಅಂತ ಅಲ್ಲ. ಇನ್ನ ಹುಳುಕಡ್ಡಿ. ಅದು ಹಸಿ ಬಟ್ಟಿ ಮ್ಯಾಲೆ ಏಳೂ ಬೂಷ್ಟಿನ ಜಾತಿದು. ಅದಕ್ಕ ನಿಮ್ಮ ಟವೆಲ್, ಬಾಚಣಿಕಿ, ಟೊಪಗಿ ಯಾರಿಗೂ ಕೊಡಬ್ಯಾಡ್ರಿ, ಗೆಳೆತನ ಮಾತ್ರ ಬಿಡಬ್ಯಾಡ್ರಿ. ರಾತ್ರಿ ತುರಿಸಾಕತ್ತಿದ್ರ ಅವ್ವಗ ಹೇಳ್ರಿ. ಅವ್ವಗ ಹೇಳಾಕ ಆಗದಿದ್ರ ನನಗ ಒಬ್ಬರ ಬಂದು ಹೇಳ್ರಿ.”

ಇದಕ್ಕೆ ಐದು ನಿಮಿಷವೂ ಬೇಡ. ಇದರಲ್ಲಿ ‘ಅಂಟುವುದೇ ಇಲ್ಲ’ ಎಂಬ ಮಾತು ಇಲ್ಲ ಎಂಬುದನ್ನು ಗಮನಿಸಿ. ದಯೆ ತೋರಿಸುವ ಭರದಲ್ಲಿ ಕೆಲವು ಶಿಕ್ಷಕರು ಹಾಗೆ ಹೇಳಿಬಿಡುತ್ತಾರೆ. ಮನೆಯಲ್ಲಿ ತಮ್ಮನಿಗೂ ತಂಗಿಗೂ ಅಂಟಿದ್ದನ್ನು ಕಂಡ ಮಗು ಆಮೇಲೆ ಆ ಶಿಕ್ಷಕರು ಹೇಳಿದ ಬೇರೇನನ್ನೂ ನಂಬುವುದಿಲ್ಲ. ಕಬಡ್ಡಿಯಂಥ ಮೈಗೆ ಮೈ ತಿಕ್ಕುವ ಆಟದಿಂದ ಕೆಲವು ದಿನ ದೂರವಿರಲು ವೈದ್ಯರು ಹೇಳಿದರೆ ಅದನ್ನೂ ಮುಚ್ಚಿಡಬೇಕಾಗಿಲ್ಲ.

ಭಾಷಣ ಕೆಡುವುದು ಮಾತಿನಿಂದಲ್ಲ, ದಿನದ ಆಯ್ಕೆಯಿಂದ. ಒಂದು ಮಗುವಿಗೆ ಕಜ್ಜಿ ಕಂಡ ಮರುದಿನ ಈ ಭಾಷಣ ಮಾಡಿದರೆ, ಎಷ್ಟೇ ಜಾಣತನದಿಂದ ಮಾತಾಡಿದರೂ ಇನ್ನೂರು ಕಣ್ಣು ಆ ಮಗುವಿನ ಮೇಲೆ ಹೋಗುತ್ತವೆ. ಹಾಗೆಯೇ ಸಾಲಿನಲ್ಲಿ ಎಲ್ಲರೆದುರು ಕೈ ಚಾಚಿಸಿ ಬೆರಳ ಸಂದು ನೋಡುವ ಪದ್ಧತಿ. ಭಾಷಣದಲ್ಲಿ ಹೇಳಿದ್ದನ್ನೆಲ್ಲ ಅದು ಎರಡು ನಿಮಿಷದಲ್ಲಿ ಅಳಿಸಿಹಾಕುತ್ತದೆ.

ತಂದೆತಾಯಿಗೆ ಹೇಳಬೇಕಾದದ್ದು ಬೇರೆ, ಅದನ್ನು ಚೀಟಿಯಲ್ಲಿ ಬರೆದು ಎಲ್ಲ ಮಕ್ಕಳ ಕೈಯಲ್ಲೂ ಕಳಿಸಬೇಕು, ಕಜ್ಜಿಯಾದ ಒಂದು ಮಗುವಿನ ಕೈಯಲ್ಲಿ ಮಾತ್ರ ಅಲ್ಲ. ಔಷಧಿ ಸೋಲುವುದು ಹೆಚ್ಚಾಗಿ ದುಡ್ಡಿನ ಕಾರಣಕ್ಕೆ. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ 30 ಗ್ರಾಂನ ಒಂದು ಟ್ಯೂಬು ಬೇಕು. ಐದು ಜನರ ಮನೆಗೆ ಎರಡು ಸಲಕ್ಕೆ ಎಷ್ಟಾಗುತ್ತದೆ ಎಂದು ನೋಡಿ, ಒಂದೇ ಟ್ಯೂಬು ಕೊಂಡು ಮಗುವಿನ ಗುಳ್ಳೆಗಳ ಮೇಲಷ್ಟೇ ಸವರುತ್ತಾರೆ. ತುರಿಕೆ ಇರಲಿ ಬಿಡಲಿ, ಮನೆಯ ಎಲ್ಲರೂ ಒಂದೇ ರಾತ್ರಿ, ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದಿಗೂ ಹಚ್ಚಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಎಳೆಗೂಸುಗಳಿಗೆ ಮತ್ತು ಬಸುರಿಯರಿಗೆ ವೈದ್ಯರನ್ನು ಕೇಳಿಯೇ ಹಚ್ಚಬೇಕು. ಹಾಸಿಗೆ ಬಟ್ಟೆಯಿಂದ ಅಂಟುವುದು ಅಪರೂಪವಾದರೂ ಒಮ್ಮೆ ಬಿಸಿನೀರಿನಲ್ಲಿ ಒಗೆಯುವುದು ಒಳ್ಳೆಯದು. ಗೋವಾದ ಜುಲೈ ತಿಂಗಳಲ್ಲಿ ಒಗೆದರೆ ಒಣಗುವುದಿಲ್ಲ ಎನ್ನುವವರು ಅವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಒಂದು ವಾರ ಮೂಲೆಗಿಟ್ಟರೆ ಸಾಕು, ಮೈ ಸಿಗದ ನುಸಿ ಸಾಯುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಯ ಮಕ್ಕಳಲ್ಲಿ ಹುಡುಕಬೇಕಾದ ತೊಂದರೆಗಳ ಪಟ್ಟಿ ಇದೆ, ತುರಿಕಜ್ಜಿಯೂ ಬೂಷ್ಟಿನ ಸೋಂಕೂ ಅದರಲ್ಲಿವೆ. ಮುಖ್ಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು: ಆ ಕಾರ್ಯಕ್ರಮದ ತಪಾಸಣಾ ತಂಡ ಈ ವರ್ಷ ನಿಮ್ಮ ಶಾಲೆಗೆ ಯಾವತ್ತು ಬರುತ್ತದೆ ಎಂದು ಈಗಲೇ ಕೇಳಿಕೊಳ್ಳಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಂದು ಕೋಣೆಯೊಳಗೆ ನೋಡಲು ಹೇಳಿ, ಭಾಷಣವನ್ನು ಅದಕ್ಕೂ ಮೊದಲು, ಜೂನ್ ಮೊದಲ ವಾರದಲ್ಲೇ ಮುಗಿಸಿ.